ಕಳಿಸಿದ ಮೇಲೂ ತಿದ್ದಬಹುದಾದ ಫಾರ್ಮ್

ಒಂದು ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ 1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಮತ್ತೆ ಸೇರಬೇಕೆಂದು ಹೊರಟಿದ್ದಾರೆ ಎಂದುಕೊಳ್ಳಿ. ಮೂರು ನಾಲ್ಕು ಜನ ಮುಂದಾಗಿ ಒಂದು ಗೂಗಲ್ ಫಾರ್ಮ್ ಮಾಡುತ್ತಾರೆ. ಹೆಸರು, ಫೋನ್ ನಂಬರು, ಮನೆಯವರೂ ಸೇರಿ ಊಟಕ್ಕೆ ಎಷ್ಟು ಜನ, ಶನಿವಾರ ರಾತ್ರಿಯೇ ಬಂದು ಉಳಿಯುವವರೋ ಭಾನುವಾರ ಬೆಳಿಗ್ಗೆ ಬರುವವರೋ, ಬಸ್ ಸ್ಟ್ಯಾಂಡಿನಿಂದ ವಾಹನ ಬೇಕೋ ಬೇಡವೋ. ಐದೇ ಪ್ರಶ್ನೆ. ಲಿಂಕ್ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತದೆ, ಎರಡು ದಿನದಲ್ಲಿ ನೂರು ಉತ್ತರ ಬಂದು ಬೀಳುತ್ತವೆ. ಕೆಲಸ ಆಯಿತೆಂದು ಎಲ್ಲರೂ ನಿರಾಳ.

ಮೂರನೆಯ ದಿನದಿಂದ ಶುರುವಾಗುತ್ತದೆ. ‘ನಮ್ಮನೆಯವರು ಬರಲ್ಲ, ನಾಲ್ಕು ಅಂತ ಹಾಕಿದ್ದೆ, ಎರಡು ಮಾಡ್ಕೊಳ್ಳಪ್ಪ’ ಎಂದು ಒಬ್ಬರು ಗುಂಪಿನಲ್ಲೇ ಬರೆಯುತ್ತಾರೆ. ಮೇಲೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ಯಾರದೋ ನಾಯಿಮರಿಯ ಫೋಟೊ, ನಡುವೆ ಈ ಎರಡು ಊಟ. ಇನ್ನೊಬ್ಬರು ಫೋನ್ ಮಾಡಿ ಹೇಳುತ್ತಾರೆ. ಫೋನ್ ಎತ್ತಿದವರು ಬೈಕ್ ಮೇಲೆ ಇರುತ್ತಾರೆ. ಹೆಚ್ಚಿನವರು ಮಾಡುವುದು ಮಾತ್ರ ಬೇರೆ: ಗುಂಪಿನಲ್ಲಿರುವ ಅದೇ ಲಿಂಕನ್ನು ಒತ್ತಿ ಇಡೀ ಫಾರ್ಮನ್ನು ಹೊಸದಾಗಿ ತುಂಬಿ ಕಳಿಸುತ್ತಾರೆ. ತಿದ್ದಿದೆ ಎಂದು ಅವರ ಲೆಕ್ಕ. ಫಾರ್ಮಿನ ಲೆಕ್ಕದಲ್ಲಿ ಅದು ಇನ್ನೊಬ್ಬ ಮನುಷ್ಯನ ಉತ್ತರ. ಮೊದಲ ಸಲ ನಾಲ್ಕು, ಎರಡನೆಯ ಸಲ ಎರಡು, ಒಟ್ಟು ಆರು ಎಲೆ. ಮೊದಲ ಸಲ ಕನ್ನಡದಲ್ಲಿ ‘ಮಂಜುನಾಥ’ ಎಂದೂ ಎರಡನೆಯ ಸಲ ಇಂಗ್ಲಿಷಿನಲ್ಲಿ ಬರೀ ‘ಮಂಜು’ ಎಂದೂ ಬರೆದಿದ್ದರೆ ಫೋನ್ ನಂಬರು ಹೋಲಿಸದೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುವುದೂ ಇಲ್ಲ.

ಈ ಗೋಜಲಿಗೆ ಫಾರ್ಮಿನೊಳಗೇ ಒಂದು ದಾರಿ ಇದೆ. ಫಾರ್ಮ್ ಮಾಡುವ ಪುಟದಲ್ಲಿ Settings ಒತ್ತಿ, Responses ಎಂಬ ಭಾಗವನ್ನು ಬಿಚ್ಚಿದರೆ Allow response editing ಎಂಬ ಗುಂಡಿ ಕಾಣುತ್ತದೆ. ನಾವಾಗಿ ಹಾಕುವವರೆಗೂ ಅದು ಆರಿಯೇ ಇರುತ್ತದೆ. ಹಾಕಿದರೆ, ಉತ್ತರ ಕಳಿಸಿದ ಕೂಡಲೇ ಬರುವ ಧನ್ಯವಾದದ ಪುಟದಲ್ಲಿ Edit your response ಎಂಬ ಕೊಂಡಿ ಸೇರಿಕೊಳ್ಳುತ್ತದೆ. ಅದನ್ನು ಒತ್ತಿದರೆ ಫಾರ್ಮು ಖಾಲಿಯಾಗಿ ತೆರೆಯುವುದಿಲ್ಲ. ತಾವು ಬರೆದದ್ದೆಲ್ಲ ಬರೆದಂತೆಯೇ ಇರುತ್ತದೆ. ನಾಲ್ಕನ್ನು ಅಳಿಸಿ ಎರಡು ಬರೆದು ಮತ್ತೆ ಕಳಿಸಿದರೆ ಆಯಿತು. ಉತ್ತರಗಳ ಶೀಟಿನಲ್ಲಿ ಹೊಸ ಸಾಲು ಹುಟ್ಟುವುದಿಲ್ಲ, ಹಳೆಯ ಸಾಲಿನಲ್ಲೇ ಅಂಕಿ ಬದಲಾಗುತ್ತದೆ.

ಗುಂಡಿ ಹಾಕುವುದು ಅರ್ಧ ನಿಮಿಷದ ಕೆಲಸ. ಉಳಿದ ಕೆಲಸವೆಲ್ಲ ಆ ಕೊಂಡಿ ಯಾರ ಕೈಯಲ್ಲಿದೆ ಎಂಬುದರ ಸುತ್ತ ಇದೆ. ನಾನು ನೋಡಿರುವಂತೆ, ಗುಂಡಿ ಹಾಕಿಟ್ಟು ಮರೆತವರಿಗಿಂತ ಅದನ್ನು ಹಾಕದೇ ಬಿಟ್ಟವರೇ ಎಷ್ಟೋ ಸಲ ಸುಖವಾಗಿರುತ್ತಾರೆ.

ಮೊದಲನೆಯ ತೊಡಕು, ಕೊಂಡಿ ಕಳೆದುಹೋಗುವುದು. ವಾಟ್ಸ್ಯಾಪಿನಿಂದ ಫಾರ್ಮ್ ತೆರೆದವರು ಕಳಿಸಿದ ಕೂಡಲೇ ಹಿಂದಕ್ಕೆ ಒತ್ತಿ ಗುಂಪಿಗೆ ಮರಳುತ್ತಾರೆ. ಧನ್ಯವಾದದ ಪುಟವನ್ನು ಓದುತ್ತಾ ಕೂರುವವರು ಯಾರೂ ಇಲ್ಲ. ಪುಟ ಮುಚ್ಚಿತೆಂದರೆ ಆ ಕೊಂಡಿಯೂ ಹೋಯಿತು. ಸಾಲದ್ದಕ್ಕೆ ಅದೇ ಪುಟದಲ್ಲಿ, ಅದರ ಪಕ್ಕದಲ್ಲೇ, Submit another response ಎಂಬ ಇನ್ನೊಂದು ಕೊಂಡಿ ಇರುತ್ತದೆ. ತಿದ್ದಲು ಹೊರಟು ಅದನ್ನು ಒತ್ತಿದರೆ ಮತ್ತೆ ಅದೇ ಎರಡು ಸಾಲಿನ ಕಥೆ. Settings ಒಳಗಿನ Presentation ಭಾಗದಲ್ಲಿ ಇದನ್ನು ಆರಿಸಿಬಿಡಬಹುದು. ಒಂದೇ ಫೋನಿನಿಂದ ಹಲವರ ಪರವಾಗಿ ತುಂಬುವವರು ಇಲ್ಲದಿದ್ದರೆ ಆರಿಸುವುದೇ ಮೇಲು.

ಕೊಂಡಿಯನ್ನು ಉಳಿಸಿಕೊಡಲು ಎರಡು ಬಗೆ ಇವೆ. ಒಂದು, ಈಮೇಲ್ ವಿಳಾಸ ಕೇಳುವುದು. Collect email addresses ಎಂಬಲ್ಲಿ ವಿಳಾಸ ಪಡೆಯುವಂತೆ ಮಾಡಿ, Send responders a copy of their response ಎಂಬುದನ್ನು Always ಎಂದಿಟ್ಟರೆ, ಉತ್ತರದ ಪ್ರತಿ ಅವರ ಈಮೇಲಿಗೆ ಹೋಗುತ್ತದೆ, ತಿದ್ದುವ ಗುಂಡಿಯೂ ಆ ಪ್ರತಿಯಲ್ಲೇ ಇರುತ್ತದೆ. ವಾರ ಬಿಟ್ಟು ಬೇಕೆಂದರೂ ಇನ್‌ಬಾಕ್ಸಿನಲ್ಲಿ ಹುಡುಕಿದರೆ ಸಿಗುತ್ತದೆ. ಆಫೀಸಿನವರಿಗೆ, ಕಾಲೇಜಿನವರಿಗೆ ಇದು ಹೊಂದುತ್ತದೆ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಈಮೇಲ್ ತೆರೆಯುವುದು ಬ್ಯಾಂಕಿನಿಂದ ಏನಾದರೂ ಬಂದಾಗ ಮಾತ್ರ. ವಿಳಾಸವನ್ನು ಕೈಯಿಂದ ಬರೆಯುವಂತೆ ಇಟ್ಟರೆ ತಪ್ಪು ಬರೆಯುವವರೂ ಇರುತ್ತಾರೆ, ಆಗ ಪ್ರತಿ ಯಾರಿಗೂ ತಲುಪುವುದಿಲ್ಲ.

ಇನ್ನೊಂದು, Limit to 1 response. ಇದನ್ನು ಹಾಕಿದರೆ ಗೂಗಲ್ ಖಾತೆಗೆ ಸೈನ್ ಇನ್ ಆಗದೆ ಫಾರ್ಮ್ ತುಂಬಲಾಗದು. ಅದರ ಬದಲಿಗೆ ಒಂದು ಅನುಕೂಲ ಸಿಗುತ್ತದೆ: ಒಮ್ಮೆ ತುಂಬಿದವರು ಗುಂಪಿನಲ್ಲಿರುವ ಮಾಮೂಲಿ ಲಿಂಕನ್ನೇ ಮತ್ತೆ ಒತ್ತಿದಾಗ, ಈಗಾಗಲೇ ಉತ್ತರಿಸಿದ್ದೀರಿ ಎಂಬ ಮಾತಿನ ಜೊತೆಗೆ ತಿದ್ದುವ ಕೊಂಡಿ ಕಾಣಿಸುತ್ತದೆ. ಅಂದರೆ ಯಾರೂ ಯಾವ ಕೊಂಡಿಯನ್ನೂ ಜೋಪಾನ ಮಾಡಬೇಕಿಲ್ಲ. ಆಂಡ್ರಾಯ್ಡ್ ಫೋನ್ ಇರುವವರಿಗೆ ಸಾಮಾನ್ಯವಾಗಿ ಜಿಮೇಲ್ ಖಾತೆ ಇದ್ದೇ ಇರುತ್ತದೆ, ಹಾಗಾಗಿ ಇದು ನಡೆಯುತ್ತದೆ. ನಡೆಯದಿರುವುದು ಗಂಡನ ಫೋನಿನಿಂದಲೇ ಹೆಂಡತಿಯೂ ಬೇರೆಯಾಗಿ ತುಂಬಬೇಕಾದಾಗ, ಇಲ್ಲವೇ ಮಗ ಪಾಸ್‌ವರ್ಡ್ ಹಾಕಿಕೊಟ್ಟು ಬೆಂಗಳೂರಿಗೆ ಹೋಗಿಬಿಟ್ಟಾಗ. ಒಂದು ಮನೆಗೆ ಒಂದೇ ಉತ್ತರ ಸಾಕು ಎನ್ನುವ ಫಾರ್ಮುಗಳಿಗೆ ನಾನಾದರೆ ಇದನ್ನೇ ಆರಿಸಿಕೊಳ್ಳುತ್ತೇನೆ.

ಇವೆರಡನ್ನೂ ಮಾಡದೆ ಫಾರ್ಮ್ ಹಂಚಿಬಿಟ್ಟಾಗಿದೆ, ನೂರು ಉತ್ತರ ಬಂದಾಗಿದೆ, ಈಗ ಒಬ್ಬರಿಗೆ ತಿದ್ದಬೇಕಾಗಿದೆ ಎಂದರೆ? ಫಾರ್ಮ್ ಮಾಡಿದವರು ಬೇರೆಯವರ ಉತ್ತರವನ್ನು ಓದಬಹುದು, ಅಳಿಸಬಹುದು. ಒಳಗೆ ಕೈ ಹಾಕಿ ತಿದ್ದುವ ಗುಂಡಿ ಅವರಿಗೂ ಇಲ್ಲ. ಆದರೆ ಪ್ರತಿ ಉತ್ತರಕ್ಕೂ ತಿದ್ದುವ ವಿಳಾಸವೊಂದು ಇರುತ್ತದೆ, ಅದನ್ನು ಹೊರತೆಗೆಯಬಹುದು. ಫಾರ್ಮ್ ಪುಟದ ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ Apps Script ಎಂದಿದೆ. ಅದನ್ನು ತೆರೆದು ಹೀಗೆ ಬರೆದರೆ ಸಾಕು:

```
function kondigalu() {
  const form = FormApp.getActiveForm();
  form.getResponses().forEach(r => {
    const hesaru = r.getItemResponses()[0].getResponse();
    Logger.log(hesaru + '  ' + r.getEditResponseUrl());
  });
}
```

Run ಒತ್ತಿದಾಗ ಮೊದಲ ಸಲ ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಕೆಳಗೆ ಒಂದೊಂದು ಸಾಲಿನಲ್ಲಿ ಒಂದು ಹೆಸರು, ಅದರ ಮುಂದೆ ಒಂದು ಉದ್ದನೆಯ ವಿಳಾಸ ಬರುತ್ತದೆ. ಫಾರ್ಮಿನ ಮೊದಲ ಪ್ರಶ್ನೆ ಹೆಸರೇ ಆಗಿದ್ದು, ಅದನ್ನು ಬಿಡದೆ ತುಂಬಲೇಬೇಕು ಎಂದು ಇಟ್ಟಿದ್ದರೆ ಮಾತ್ರ ಈ ಪಟ್ಟಿ ಸರಿ ಬರುತ್ತದೆ. ಬೇಕಾದವರ ವಿಳಾಸವನ್ನು ಅವರೊಬ್ಬರಿಗೇ ಕಳಿಸಿ. Allow response editing ಆರಿದ್ದರೆ ಈ ವಿಳಾಸ ತೆರೆದವರಿಗೆ ತಿದ್ದಲು ಅವಕಾಶವಿಲ್ಲ ಎಂಬ ಪುಟ ಬರುತ್ತದೆ, ಆದ್ದರಿಂದ ಮೊದಲು ಅದನ್ನು ಹಾಕಿರಬೇಕು. ಈ ಪಟ್ಟಿಯನ್ನು ಎಲ್ಲರೂ ನೋಡುವ ಶೀಟಿನಲ್ಲಿ ಒಂದು ಕಾಲಮ್ ಮಾಡಿ ಅಂಟಿಸಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ, ನೋಡಲು ಅನುಕೂಲವಾಗಿಯೂ ಕಾಣುತ್ತದೆ. ಹಾಗೆ ಮಾಡಬಾರದು. ಮಾಡಿದರೆ ಏನಾಗುತ್ತದೆ ಎಂಬುದು ಎರಡನೆಯ ತೊಡಕಿನಿಂದ ತಿಳಿಯುತ್ತದೆ.

ತಿದ್ದುವ ಕೊಂಡಿ ಮನೆಯ ಬೀಗದ ಕೈ ಇದ್ದ ಹಾಗೆ. ಹಿಡಿದವರು ಯಾರೆಂದು ಅದು ನೋಡುವುದಿಲ್ಲ. ಅದು ಸೇರಿರುವುದು ಒಂದು ಉತ್ತರಕ್ಕೆ, ಉತ್ತರಿಸಿದ ಮನುಷ್ಯನಿಗಲ್ಲ. ಕೊಂಡಿ ತಲುಪಿದ ಯಾರೇ ಆದರೂ ಆ ಉತ್ತರವನ್ನು ತೆರೆದು ಬದಲಿಸಬಹುದು. ಸೈನ್ ಇನ್ ಆಗಲೇಬೇಕು ಎಂದು ಇಟ್ಟರೂ ಅಷ್ಟೇ: ಯಾವುದಾದರೂ ಖಾತೆಯಿಂದ ಒಳಗೆ ಬಂದಿರಬೇಕು, ಅದು ಮೊದಲು ಬರೆದವರದ್ದೇ ಆಗಿರಬೇಕೆಂದಿಲ್ಲ. ಈಮೇಲ್ ವಿಳಾಸ ಪಡೆಯುವ ಫಾರ್ಮ್ ಆಗಿದ್ದರೆ, ಆ ಸಾಲಿನಲ್ಲಿ ಮೊದಲಿನವರ ವಿಳಾಸ ಹೋಗಿ ತಿದ್ದಿದವರ ವಿಳಾಸ ಕೂರುತ್ತದೆ.

ಇದು ಯಾರೋ ಕೇಡಿಗರು ಮಾಡುವ ಕೆಲಸ ಎಂದುಕೊಳ್ಳಬೇಡಿ. ನಮ್ಮ ಸಮಾವೇಶದಲ್ಲೇ ನೋಡಿ. ಹಾಸನದಲ್ಲಿರುವ ಗೆಳೆಯರೊಬ್ಬರು ಫಾರ್ಮ್ ತುಂಬಿ, ಮಗಳೂ ಬರುತ್ತಾಳೆಂದು ನೆನಪಾಗಿ, ಕೂಡಲೇ ತಿದ್ದುವ ಕೊಂಡಿ ಒತ್ತಿ ಎರಡನ್ನು ಮೂರು ಮಾಡುತ್ತಾರೆ. ಆ ಪುಟ ತೆರೆದಿರುವಾಗಲೇ ಹಾಸನದ ಕಡೆಯವರ ಸಣ್ಣ ಗುಂಪೊಂದು ನೆನಪಾಗುತ್ತದೆ. ಅಲ್ಲಿ ಹನ್ನೊಂದು ಜನ ಇದ್ದಾರೆ, ದೊಡ್ಡ ಗುಂಪನ್ನು ಅವರು ನೋಡುವುದಿಲ್ಲ. ಸರಿ, ಬ್ರೌಸರಿನ ಶೇರ್ ಗುಂಡಿ ಒತ್ತಿ ‘ಎಲ್ಲರೂ ಇದನ್ನ ತುಂಬ್ರಪ್ಪ’ ಎಂದು ಕಳಿಸುತ್ತಾರೆ. ಹೋದದ್ದು ಫಾರ್ಮಿನ ಲಿಂಕ್ ಅಲ್ಲ, ಅವರ ಉತ್ತರದ ಲಿಂಕ್.

ಮೊದಲನೆಯವರು ಒತ್ತುತ್ತಾರೆ. ಗೆಳೆಯರ ಹೆಸರು ಮೊದಲೇ ತುಂಬಿದೆ. ಮಾದರಿಗೆಂದು ಹಾಕಿರಬೇಕು ಎಂದುಕೊಂಡು ಅದನ್ನು ಅಳಿಸಿ ತಮ್ಮ ಹೆಸರು, ತಮ್ಮ ನಂಬರು, ತಮ್ಮ ಮನೆಯವರ ಲೆಕ್ಕ ಬರೆದು ಕಳಿಸುತ್ತಾರೆ. ಎರಡನೆಯವರಿಗೆ ಮೊದಲನೆಯವರ ಹೆಸರು ಕಾಣುತ್ತದೆ. ಅವರೂ ಅಳಿಸಿ ಬರೆಯುತ್ತಾರೆ. ಹೀಗೆ ಸಂಜೆಯ ಹೊತ್ತಿಗೆ ಹನ್ನೊಂದೂ ಜನ ಒಬ್ಬರ ಮೇಲೊಬ್ಬರು ಬರೆದಿರುತ್ತಾರೆ. ಶೀಟಿನಲ್ಲಿ ಉಳಿಯುವುದು ಒಂದೇ ಸಾಲು, ಕೊನೆಗೆ ತುಂಬಿದವರದ್ದು. ಮೊದಲು ತುಂಬಿದ ಗೆಳೆಯರೂ ಮಾಯ. ‘ನಾವೆಲ್ಲ ತುಂಬಿದ್ವಲ್ಲ’ ಎಂದು ಹನ್ನೆರಡು ಜನ ಹೇಳುತ್ತಾರೆ, ಹೇಳುವುದು ನಿಜವೇ. ಮೂವತ್ತು ಚಿಲ್ಲರೆ ಊಟ ಲೆಕ್ಕದಿಂದ ಬಿದ್ದುಹೋಗಿರುತ್ತದೆ.

ತಿದ್ದುವ ಪುಟದ ಮೇಲ್ಭಾಗದಲ್ಲೇ ಗೂಗಲ್ ಇದರ ಬಗ್ಗೆ ಎಚ್ಚರಿಸುತ್ತದೆ: ನೀವು ನಿಮ್ಮ ಉತ್ತರವನ್ನು ತಿದ್ದುತ್ತಿದ್ದೀರಿ, ಈ ವಿಳಾಸವನ್ನು ಹಂಚಿಕೊಂಡರೆ ಬೇರೆಯವರೂ ತಿದ್ದಬಹುದು, ಹೊಸದಾಗಿ ತುಂಬುವುದಾದರೆ ಇಲ್ಲಿ ಒತ್ತಿ ಎಂದು. ಆದರೆ ಆ ಸಾಲು ಸಣ್ಣ ಅಕ್ಷರದಲ್ಲಿದೆ, ನೋಟ ಹೋಗುವುದು ಕೆಳಗಿನ ಪ್ರಶ್ನೆಗಳ ಕಡೆಗೇ. ಅದಕ್ಕಿಂತ ಖಚಿತವಾದ ಗುರುತು ವಿಳಾಸದಲ್ಲೇ ಇದೆ. ಮಾಮೂಲಿ ಫಾರ್ಮಿನ ವಿಳಾಸದಲ್ಲಿ viewform ಎಂದಿರುತ್ತದೆ. ಅದರ ಮುಂದೆ edit2= ಎಂದಿದ್ದು ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಬಾಲವೊಂದು ಇದ್ದರೆ ಅದು ಯಾರದೋ ಉತ್ತರದ ಕೊಂಡಿ. ಗುಂಪಿನಲ್ಲಿ ಅಂಥದ್ದು ಕಂಡರೆ ಹಾಕಿದವರಿಗೆ ಹೇಳಿ ಕೂಡಲೇ ಅಳಿಸಿಸಬೇಕು.

ಶೀಟಿನಲ್ಲೂ ಇದು ಸುಳಿವು ಬಿಡುತ್ತದೆ. ಉತ್ತರ ತಿದ್ದಿದಾಗ ಸಾಲಿನ ಮೊದಲಲ್ಲಿರುವ Timestamp ತಿದ್ದಿದ ಹೊತ್ತಿಗೆ ಬದಲಾಗುತ್ತದೆ. ಬದಲಾದ ಪ್ರತಿ ಚೌಕಕ್ಕೂ ಒಂದು ಟಿಪ್ಪಣಿ ಅಂಟುತ್ತದೆ. ಮೂಲೆಯಲ್ಲಿ ಪುಟ್ಟ ತ್ರಿಕೋನ, ಅದರ ಮೇಲೆ ಮೌಸ್ ಇಟ್ಟರೆ Responder updated this value ಎಂಬ ಮಾತು. ನಿಜವಾದ ತಿದ್ದುಪಡಿಯಲ್ಲಿ ಒಂದೋ ಎರಡೋ ಚೌಕಕ್ಕೆ ತ್ರಿಕೋನ ಬರುತ್ತದೆ: ಊಟದ ಲೆಕ್ಕ, ಬರುವ ದಿನ. ಹೆಸರು, ಫೋನ್ ನಂಬರು ಎರಡರ ಮೇಲೂ ತ್ರಿಕೋನ ಇದ್ದರೆ ಅಲ್ಲಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಕೂತಿದ್ದಾರೆ ಎಂದೇ ಹಿಡಿಯಬೇಕು. ದಿನಕ್ಕೊಮ್ಮೆ ಆ ಎರಡು ಕಾಲಮ್ಮಿನ ಮೇಲೆ ಕಣ್ಣಾಡಿಸಿದರೆ ಸಾಕು. ಟಿಪ್ಪಣಿ ಹೇಳುವುದು ಬದಲಾಯಿತು ಎಂದಷ್ಟೇ. ಮೊದಲು ಏನಿತ್ತು ಎಂಬುದನ್ನು ಅದು ಇಟ್ಟುಕೊಂಡಿರುವುದಿಲ್ಲ. ಫಾರ್ಮಿನ ಒಳಗೆ ಉಳಿಯುವುದೂ ಕೊನೆಯ ಉತ್ತರವೇ. ಹಾಸನದವರೆಲ್ಲ ಮತ್ತೆ ತುಂಬಬೇಕು, ಈ ಸಲ ಸರಿಯಾದ ಲಿಂಕಿನಿಂದ. ಅದಕ್ಕೇ ಸರಿಯಾದ ಲಿಂಕನ್ನು ಗುಂಪಿನ ವಿವರಣೆಯಲ್ಲೋ ಪಿನ್ ಮಾಡಿದ ಸಂದೇಶದಲ್ಲೋ ಇಟ್ಟಿರುವುದು ಒಳ್ಳೆಯದು. ಫಾರ್ಮಿನ ಶೀರ್ಷಿಕೆಯ ಕೆಳಗೆ ಒಂದು ಕನ್ನಡ ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು: ಇಲ್ಲಿ ಬೇರೆಯವರ ಹೆಸರು ಮೊದಲೇ ತುಂಬಿದ್ದರೆ ಅಳಿಸಬೇಡಿ, ಪುಟ ಮುಚ್ಚಿ ಗುಂಪಿನಲ್ಲಿ ಪಿನ್ ಮಾಡಿರುವ ಲಿಂಕಿನಿಂದ ಬನ್ನಿ.

ಇನ್ನೊಂದು ವಿಷಯ ಲೆಕ್ಕ ಬರೆಯುವವರಿಗೆ. ಫೋನಿನಲ್ಲಿ ಹೇಳಿದ ತಿದ್ದುಪಡಿಯನ್ನು ಸಂಘಟಕರು ಸೀದಾ ಶೀಟಿನಲ್ಲೇ ಮಾಡಿಬಿಡುತ್ತಾರೆ, ನಾಲ್ಕನ್ನು ಎರಡು ಮಾಡುತ್ತಾರೆ. ಅದು ಶೀಟಿನಲ್ಲಿ ಮಾತ್ರ ಬದಲಾಗುತ್ತದೆ. ಫಾರ್ಮಿನ ಹೊಟ್ಟೆಯಲ್ಲಿ ನಾಲ್ಕೇ ಇರುತ್ತದೆ. ಅಲ್ಲಿನ ಸಾರಾಂಶದ ಚಿತ್ರದಲ್ಲೂ ನಾಲ್ಕೇ ಎಣಿಕೆಯಾಗುತ್ತದೆ. ಆ ಮನುಷ್ಯರು ನಾಳೆ ತಮ್ಮ ಕೊಂಡಿ ತೆರೆದರೆ ಅವರಿಗೆ ಕಾಣುವುದೂ ನಾಲ್ಕೇ. ಒಂದೇ ಊಟಕ್ಕೆ ಎರಡು ಪುಸ್ತಕ ಆದಂತಾಯಿತು. ತಿದ್ದುವ ಕೊಂಡಿಗಳನ್ನು ಹಂಚಿದ ಮೇಲೆ ಉತ್ತರಗಳ ಶೀಟಿನಲ್ಲಿ ಕೈಯಾಡಿಸದಿರುವುದೇ ಸರಿ. ಕರೆ ಮಾಡಿದವರಿಗೆ ಕೊಂಡಿ ಕಳಿಸಿ, ಅವರಿಂದ ಆಗದಿದ್ದರೆ ಅದೇ ಕೊಂಡಿಯನ್ನು ತೆರೆದು ಅವರ ಪರವಾಗಿ ನೀವೇ ತಿದ್ದಿ. ಆಗ ಎರಡೂ ಕಡೆ ಒಂದೇ ಲೆಕ್ಕ ಇರುತ್ತದೆ. ಈಮೇಲ್ ಪಡೆಯುವ ಫಾರ್ಮಿನಲ್ಲಿ ಹೀಗೆ ಮಾಡಿದರೆ ಅವರ ವಿಳಾಸದ ಜಾಗಕ್ಕೆ ನಿಮ್ಮದು ಬರುತ್ತದೆಂಬುದು ಮಾತ್ರ ನೆನಪಿರಲಿ.

ತಿದ್ದಲು ಬಿಡುವುದರಿಂದ ಒಂದು ಲಾಭವೂ ಇದೆ. ಉತ್ತರಗಳು ಬಂದ ಮೇಲೆ ಪ್ರಶ್ನೆ ನೆನಪಾಗುವುದು ಎಲ್ಲರ ಪಾಡು. ಮಕ್ಕಳೆಷ್ಟು ಜನ ಎಂದು ಕೇಳಿರಲಿಲ್ಲ. ಅಡುಗೆಯವರು ಕೇಳಿದಾಗಲೇ ಹೊಳೆಯಿತು. ಹೊಸ ಪ್ರಶ್ನೆಯನ್ನು ಅದೇ ಫಾರ್ಮಿಗೆ ಸೇರಿಸಿ, ಉತ್ತರಿಸಲೇಬೇಕು ಎಂದು ಇಟ್ಟು, ಒಬ್ಬೊಬ್ಬರಿಗೂ ಅವರವರ ಕೊಂಡಿ ಕಳಿಸಿದರೆ ಉಳಿದದ್ದೆಲ್ಲ ತುಂಬಿಯೇ ಇರುತ್ತದೆ, ಅವರು ಆ ಒಂದು ಪ್ರಶ್ನೆಗೆ ಮಾತ್ರ ಉತ್ತರಿಸಿ ಕಳಿಸಬಹುದು. ಎರಡನೆಯ ಫಾರ್ಮ್ ಮಾಡಿ, ಎರಡು ಶೀಟುಗಳ ಹೆಸರುಗಳನ್ನು ಹೊಂದಿಸುತ್ತಾ ರಾತ್ರಿ ಕಳೆಯುವುದು ತಪ್ಪುತ್ತದೆ. ಪರೀಕ್ಷೆಯ ಫಾರ್ಮಿನಲ್ಲಿ ಮಾತ್ರ ಈ ಅವಕಾಶ ಕೊಡಬಾರದು. ಅಂಕ ಕೂಡಲೇ ತೋರಿಸುವಂತೆ ಇಟ್ಟಿದ್ದರೆ, ತಪ್ಪು ಯಾವುದೆಂದು ನೋಡಿಕೊಂಡು ಬಂದು ತಿದ್ದುವುದು ಮಕ್ಕಳಿಗೆ ಕಷ್ಟವೇನಲ್ಲ.

ಇನ್ನು ಬಾಗಿಲು ಹಾಕುವ ದಿನ. ಭಾನುವಾರದ ಊಟಕ್ಕೆ ಅಡುಗೆಯವರು ಗುರುವಾರ ಸಂಜೆಗೆ ಲೆಕ್ಕ ಕೇಳಿದ್ದಾರೆ. ಗುರುವಾರ 284 ಎಂದು ಹೇಳಿ ಬಂದಿದ್ದೀರಿ. ಕೊಂಡಿಗಳು ತೆರೆದೇ ಇದ್ದರೆ ಶುಕ್ರವಾರ ರಾತ್ರಿ ಆರು ಮನೆಯವರು ಲೆಕ್ಕ ಬದಲಿಸುತ್ತಾರೆ, ಶೀಟಿನ ಮೊತ್ತ 271 ಆಗುತ್ತದೆ. ಯಾರಿಗೂ ಸುದ್ದಿ ಬರುವುದಿಲ್ಲ, ಏಕೆಂದರೆ ಹೊಸ ಸಾಲು ಹುಟ್ಟಿಲ್ಲ, ಉತ್ತರಗಳ ಸಂಖ್ಯೆ ಮೊದಲಿನಷ್ಟೇ ಇದೆ. ನೀವು ಹೇಳಿದ 284 ಎಲ್ಲಿಂದ ಬಂತೆಂದು ಶನಿವಾರ ನಿಮಗೇ ತೋರಿಸಲಾಗದು. ಆದ್ದರಿಂದ ಗುರುವಾರ ಮಧ್ಯಾಹ್ನ ಮೊದಲು ತಿದ್ದುವುದನ್ನು ನಿಲ್ಲಿಸಬೇಕು. ಆಮೇಲೆ ಶೀಟಿನ File ಮೆನುವಿನಲ್ಲಿ Make a copy ಒತ್ತಿ ಪ್ರತಿ ತೆಗೆದು, ಆ ಪ್ರತಿಯಲ್ಲಿ ಕೂಡಿ, ಅದರ ಮೊತ್ತವನ್ನೇ ಅಡುಗೆಯವರಿಗೆ ಹೇಳಬೇಕು. ಹಿಂದುಮುಂದಾದರೆ ಪ್ರತಿ ತೆಗೆಯುವುದಕ್ಕೂ ನಿಲ್ಲಿಸುವುದಕ್ಕೂ ನಡುವೆ ಬಂದ ತಿದ್ದುಪಡಿಗಳು ಪ್ರತಿಗೆ ಸೇರದೆ ಉಳಿಯುತ್ತವೆ, ಅವರು ಮಾತ್ರ ತಿಳಿಸಿದ್ದೇವೆಂದು ನಂಬಿಕೊಂಡಿರುತ್ತಾರೆ.

ನಿಲ್ಲಿಸಲು ಎರಡು ದಾರಿ. Allow response editing ಆರಿಸಿದರೆ ಹಂಚಿರುವ ಕೊಂಡಿಗಳೆಲ್ಲ ಕೆಲಸ ನಿಲ್ಲಿಸುತ್ತವೆ, ಹೊಸಬರು ಮಾತ್ರ ತುಂಬಬಹುದು. ತಡವಾಗಿ ಬರುವವರನ್ನೂ ಸೇರಿಸಿಕೊಳ್ಳುವ ಉದಾರಿಗಳಿಗೆ ಇದು. ಆದರೆ ಇದರಲ್ಲಿ ಹಳೆಯ ಪೇಚು ಮರಳುತ್ತದೆ: ಕೊಂಡಿ ತೆರೆಯದಿದ್ದಾಗ ಜನ ಮಾಮೂಲಿ ಲಿಂಕಿಗೆ ಹೋಗಿ ಎರಡನೆಯ ಸಲ ತುಂಬುತ್ತಾರೆ. ಅದಕ್ಕಿಂತ Accepting responses ಆರಿಸಿ ಫಾರ್ಮನ್ನೇ ಮುಚ್ಚುವುದು ಚೊಕ್ಕ. ತಿದ್ದುವ ಕೊಂಡಿಗಳೂ ಅದರ ಜೊತೆಗೇ ಮುಚ್ಚಿಕೊಳ್ಳುತ್ತವೆ. ಮುಚ್ಚಿದಾಗ ಬಂದವರಿಗೆ ಏನು ಕಾಣಬೇಕು ಎಂದು ಬರೆಯಲು ಅಲ್ಲೇ ಜಾಗ ಕೊಟ್ಟಿರುತ್ತಾರೆ. ಅದನ್ನು ಖಾಲಿ ಬಿಡದೆ, ಊಟದ ಲೆಕ್ಕ ಕೊಟ್ಟಾಗಿದೆ, ಇನ್ನು ಬದಲಾವಣೆ ಇದ್ದರೆ ಕರೆ ಮಾಡಿ ಎಂದು ಬರೆದು ಒಬ್ಬರ ಫೋನ್ ನಂಬರು ಕೊಡಿ. ಒಬ್ಬರದ್ದೇ, ಮೂವರ ನಂಬರು ಕೊಟ್ಟರೆ ಮೂರು ಲೆಕ್ಕ ಆಗುತ್ತದೆ. ಆ ಕರೆಗಳಲ್ಲಿ ಬಂದದ್ದು ಪ್ರತಿಯ ಶೀಟಿನ ಕೊನೆಯಲ್ಲಿ ಬೇರೆ ಕಾಲಮ್ಮಿಗೆ ಹೋಗಲಿ, ಕರೆ ಬಂದ ದಿನಾಂಕದ ಜೊತೆಗೆ.